ಪಲ್ಲವಿಯ ಕೊನೆಯಲ್ಲಿ ಕೈ ಎಲ್ಲಿ ನಿಲ್ಲಬೇಕು?

(ಗಾನವೃಂದದವರ ಮುಂದೆ ಮಾಡಿದ ಉಪನ್ಯಾಸ)



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಭಜನೆಯನ್ನು ಕೇಳಿ ಬೆಳೆದವರಿಗೆ ಹಾಡು ಮುಗಿಯಿತೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಕೊನೆಯ ನುಡಿಯನ್ನು ಮೂರಾವರ್ತಿ ಹೇಳಿ, ಸಮಕ್ಕೆ ಬಂದು, ಷಡ್ಜದಲ್ಲಿ ನಿಲ್ಲುವೆವು. ಆದರೆ ಪಾಶ್ಚಾತ್ಯ ಪದ್ಧತಿಯಲ್ಲಿ ಷಡ್ಜವೊಂದೇ ಸಾಲದು. ಅದರ ಕೆಳಗೆ ನುಡಿಯುವ ಸ್ವರಗಳೇ ಸಾಲಿನ ಮುಕ್ತಾಯವನ್ನು ನಿರ್ಣಯಿಸುವುವು. ಇದಕ್ಕೆ ಅವರು ಕೇಡೆನ್ಸ್ ಎನ್ನುವರು.

ನಮ್ಮ ಹಾರ್ಮೋನಿಯಂನಲ್ಲಿ ಎಡಗೈ ಭಾತೆಗೆ ಮೀಸಲು. ಬಲಗೈಯೊಂದರಿಂದಲೇ ರಾಗವನ್ನೂ ಸ್ವರಮೇಳವನ್ನೂ ನುಡಿಸಬೇಕು. ಗೀತೆಯು 'ಸ ನಿ ಸ' ಎಂದು ಮುಗಿಯುವುದೆಂದು ಭಾವಿಸೋಣ. ಎಲ್ಲವೂ ಶುದ್ಧ ಸ್ವರಗಳು, ಮಧ್ಯ ಷಡ್ಜದ ಕೆಳಗಿನವು ಮಂದ್ರದವು.

ನಿಷಾದ ಬಂದಾಗ ರಿ-ಪ-ನಿ ಒತ್ತಿರಿ, ಅನಂತರ ಗ-ಪ-ಸ. ಪಂಚಮ ಅಲುಗದು, ರಿಷಭ ಗಾಂಧಾರಕ್ಕೇರುವುದು, ನಿಷಾದವು ಪಕ್ಕದ ಮನೆಯಾದ ಷಡ್ಜವನ್ನು ಸೇರುವುದು. ಇದು ಪೂರ್ಣ ಮುಕ್ತಾಯ, ಅಂದರೆ ಪರ್ಫೆಕ್ಟ್ ಕೇಡೆನ್ಸ್. ಮನೆಗೆ ಬಂದು ಬಾಗಿಲಿಕ್ಕಿದಂತೆ ಭಾಸವಾಗುವುದು. ಕಾಲುಮಣೆಯುಳ್ಳ ದೊಡ್ಡ ಆರ್ಗನ್ನಿನಲ್ಲಿ ತಳದ ಸ್ವರವೂ ಪಂಚಮದಿಂದ ಷಡ್ಜಕ್ಕೆ ಹೋಗುವುದರಿಂದ ಆ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚುವುದು. ನಮ್ಮ ಪೆಟ್ಟಿಗೆಗೆ ಅಷ್ಟು ಬಲವಿಲ್ಲ.

ರಿ-ಪ-ನಿಯಲ್ಲಿಯೇ ನಿಂತರೆ ಅದು ಅರ್ಧ ಮುಕ್ತಾಯ. ಕೇಳಿದವನ ಮನಸ್ಸು ಪ್ರಶ್ನೆ ಕೇಳಿದಂತೆ ಮುಂದಕ್ಕೆ ವಾಲುವುದು. ನಡುವಿನ ಸಾಲಿನಲ್ಲಿ ಜನರು ಉಸಿರು ತೆಗೆದುಕೊಳ್ಳಲು ಇದೇ ತಕ್ಕ ಸ್ಥಳ.

ಇನ್ನು ವಂಚಕ ಮುಕ್ತಾಯವನ್ನು ನೋಡಿರಿ. ಅದೇ ರಿ-ಪ-ನಿ, ಆದರೆ ಅನಂತರ ಗ-ಪ-ಸ ಬದಲು ಗ-ಧ-ಸ. ವ್ಯತ್ಯಾಸ ಒಂದೇ ಬೆರಳಿನದು! ಹಾಡುವವರು ಷಡ್ಜಕ್ಕೆ ಬಂದಿದ್ದಾರೆ, ಮನೆ ಮಾತ್ರ ಬೇರೆಯವರದು. ತುಸು ವಿಷಾದವೂ ಬೆರೆಯುವುದು. ಒಮ್ಮೆ ನಮ್ಮ ಬಲಿಪೂಜೆಯಲ್ಲಿ ಕೊನೆಯ ಚರಣಕ್ಕೆ ಬೆರಳು ಜಾರಿ ಧೈವತ ನುಡಿಯಿತು. ಅರ್ಧ ಜನ ಕುಳಿತರು, ಉಳಿದವರು ಇನ್ನೊಂದು ಚರಣ ಇದೆಯೆಂದು ನಿಂತೇ ಇದ್ದರು. ಕಿವಿ ಅವರಿಗೆ ಸರಿಯಾಗಿಯೇ ಹೇಳಿತ್ತು. ಪರಮಪ್ರಸಾದದ ಸಾಲು ಇನ್ನೂ ಮುಗಿಯದೆ ಕೊನೆಯ ಸಾಲನ್ನು ಮತ್ತೆ ಹಾಡಬೇಕಾದಾಗ ಮಾತ್ರ ಇದನ್ನು ಬೇಕೆಂದೇ ನುಡಿಸಿರಿ. ಎರಡನೆಯ ಸಲ ಗ-ಪ-ಸಕ್ಕೆ ಬನ್ನಿರಿ.

ನಾಲ್ಕನೆಯದು ಪ್ಲೇಗಲ್, 'ಆಮೆನ್' ಪದಕ್ಕೆ ರೂಢಿಯಾದುದು. ಮ-ಧ-ಸ, ಅನಂತರ ಗ-ಪ-ಸ. ಷಡ್ಜ ಕದಲದು; ಉಳಿದೆರಡು ಸ್ವರಗಳು ಒಂದೊಂದು ಮೆಟ್ಟಿಲು ಇಳಿಯುವುವು. ಸೆಳೆಯುವ ನಿಷಾದವೇ ಇಲ್ಲವಾದ್ದರಿಂದ ಇಲ್ಲಿ ಆತುರವಿಲ್ಲ, ತಲೆಬಾಗಿದ ಶಾಂತಿ ಇದೆ. ಆದರೆ ರಾಗವು ನಿಷಾದದಲ್ಲಿರುವಾಗ ಮ-ಧ-ಸ ಒತ್ತಬೇಡಿರಿ. ನಿ ಮತ್ತು ಸ ಒಂದಕ್ಕೊಂದು ಉಜ್ಜಿ ಕಿವಿಗೆ ಕಹಿಯಾಗುವುದು. ಗೀತೆ ಷಡ್ಜದಲ್ಲಿ ನೆಲೆಗೊಂಡ ಮೇಲೆ, ಭಾತೆಯನ್ನು ಮೆಲ್ಲಗೆ ಒತ್ತುತ್ತಾ, 'ಆ' ಎಂಬಲ್ಲಿ ಮ-ಧ-ಸ, 'ಮೆನ್' ಎಂಬಲ್ಲಿ ಗ-ಪ-ಸ ನುಡಿಸಿರಿ.