ಜೇಬಿನಲ್ಲಿದ್ದ ಪೌಂಡು, ಜೆ ಅಕ್ಷರದ ಕೊಕ್ಕೆ



ರೂಪಾಯಿ ಬಿದ್ದ ದಿನ ನಮ್ಮ ಸ್ಟುಡಿಯೋಗಳಲ್ಲಿ ಎರಡು ಮಾತು ತಪ್ಪದೇ ಕೇಳಿಸುತ್ತವೆ. ಒಂದು, ದೇಶದ ಮಾನ ಹೋಯ್ತು ಅನ್ನೋದು. ಇನ್ನೊಂದು, ಬಿಡಿ ಸಾರ್, ರಫ್ತುದಾರರಿಗೆ ಸುಗ್ಗಿ, ವ್ಯಾಪಾರದ ಕೊರತೆ ತಾನಾಗೇ ಇಳಿಯುತ್ತೆ ಅನ್ನೋದು. ಮೊದಲನೆಯದು ಭಾವನೆಯ ಮಾತು, ಅದನ್ನ ಪಕ್ಕಕ್ಕಿಡೋಣ. ಎರಡನೆಯದು ಲೆಕ್ಕದ ಮಾತು. ಲೆಕ್ಕದ ಮಾತನ್ನ ಲೆಕ್ಕ ಹಾಕಿಯೇ ನೋಡಬೇಕು. ಅದಕ್ಕೆ ಇವತ್ತು ನಿಮ್ಮನ್ನ 1967ರ ಬ್ರಿಟನ್ನಿಗೆ ಕರ್ಕೊಂಡು ಹೋಗ್ತೀನಿ.

ನವೆಂಬರ್ 18, ಶನಿವಾರ. ಪ್ರಧಾನಿ ಹೆರಾಲ್ಡ್ ವಿಲ್ಸನ್ ಸರ್ಕಾರ ಪೌಂಡನ್ನು ಅಪಮೌಲ್ಯಗೊಳಿಸಿತು. ಅಲ್ಲಿಯವರೆಗೆ ಒಂದು ಪೌಂಡಿಗೆ 2.80 ಡಾಲರ್ ಸಿಗುತ್ತಿತ್ತು. ಅದು 2.40ಕ್ಕೆ ಇಳಿಯಿತು. ಮಾರನೇ ದಿನ ವಿಲ್ಸನ್ ಟೀವಿ ಮುಂದೆ ಕೂತು ಜನರಿಗೆ ಸಮಾಧಾನ ಹೇಳಿದರು. ನಿಮ್ಮ ಜೇಬಿನಲ್ಲಿ, ಪರ್ಸಿನಲ್ಲಿ, ಬ್ಯಾಂಕಿನಲ್ಲಿ ಇರುವ ಪೌಂಡಿನ ಬೆಲೆ ಇದರಿಂದ ಕುಗ್ಗಿಲ್ಲ ಅನ್ನೋದು ಅವರ ಮಾತಿನ ಸಾರ. ಆ ಮಾತು ಅವರನ್ನ ಬದುಕಿರೋ ತನಕ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ಒಂದೇ ಒಂದು ಗುಣಾಕಾರದಲ್ಲಿ ತಿಳಿಯುತ್ತೆ.

2.80 ಡಾಲರ್ ಬೆಲೆಯ ಒಂದು ವಿದೇಶಿ ಸರಕು ಅಂದುಕೊಳ್ಳಿ. ಶುಕ್ರವಾರ ಅದಕ್ಕೆ ಸರಿಯಾಗಿ ಒಂದು ಪೌಂಡ್ ಕೊಟ್ಟರೆ ಸಾಕಿತ್ತು. ಸೋಮವಾರ ಅದೇ ಸರಕಿಗೆ ಒಂದು ಪೌಂಡ್ ಮೂರು ಶಿಲ್ಲಿಂಗ್ ನಾಲ್ಕು ಪೆನ್ನಿ ಕೊಡಬೇಕು. ಅಂದರೆ ಆರರಲ್ಲಿ ಒಂದು ಪಾಲು ಜಾಸ್ತಿ. ಇತ್ತ, ಒಂದು ಪೌಂಡಿನ ಬ್ರಿಟಿಷ್ ಸರಕು ಅಮೆರಿಕದವನಿಗೆ 2.80ರ ಬದಲು 2.40 ಡಾಲರಿಗೇ ಸಿಗುತ್ತೆ. ಸುಮಾರು ಶೇ. 14ರಷ್ಟು ಅಗ್ಗ. ಇಷ್ಟು ನೋಡಿದರೆ ರಫ್ತು ಏರಲೇಬೇಕು, ಆಮದು ಇಳಿಯಲೇಬೇಕು, ಅಲ್ವಾ?

ಇಳಿಯುತ್ತೆ. ಆದರೆ ಸೋಮವಾರ ಬೆಳಗ್ಗೆ ಅಲ್ಲ!

ಒಂದು ಸಣ್ಣ ಲೆಕ್ಕ ಮಾಡೋಣ. ಇದು ಬ್ರಿಟನ್ನಿನ ನಿಜವಾದ ಅಂಕಿ ಅಲ್ಲ, ತಿಳಿಯೋದಕ್ಕೆ ಹಾಕಿಕೊಂಡ ಲೆಕ್ಕ. ದೇಶ 100 ಮೂಟೆ ಆಮದು ಮಾಡ್ತಿದೆ, 100 ಮೂಟೆ ರಫ್ತು ಮಾಡ್ತಿದೆ. ಎರಡೂ ಕಡೆ ಮೂಟೆಗೆ ಒಂದು ಪೌಂಡ್. ಲೆಕ್ಕ ಸರಿಸಮ. ಈಗ ಅಪಮೌಲ್ಯ ಆಯ್ತು. ಆದರೆ ಹಡಗು ಆಗಲೇ ಸಮುದ್ರದಲ್ಲಿದೆ, ಆರ್ಡರು ಕೊಟ್ಟು ಮೂರು ತಿಂಗಳಾಗಿದೆ, ಕರಾರಿಗೆ ಸಹಿ ಬಿದ್ದಿದೆ. ಮೂಟೆಗಳ ಸಂಖ್ಯೆ ಎರಡೂ ಕಡೆ ಅಷ್ಟೇ ಇರುತ್ತೆ. ಆಮದಿನ ಬಿಲ್ಲು ಮಾತ್ರ 100 ಪೌಂಡಿನಿಂದ ಸುಮಾರು 117ಕ್ಕೆ ಏರುತ್ತೆ. ರಫ್ತಿನಿಂದ ಬರೋದು ಅದೇ 100. ಕೊರತೆಯೇ ಇಲ್ಲದಿದ್ದ ಕಡೆ 17 ಪೌಂಡ್ ಕೊರತೆ ಹುಟ್ಟಿಕೊಂಡಿತು. ಔಷಧಿ ಕೊಟ್ಟ ಕೂಡಲೇ ಜ್ವರ ಏರಿದ ಹಾಗೆ.

ಕೆಲವು ತಿಂಗಳು ಕಳೆದವು ಅನ್ನಿ. ಆಮದು 95 ಮೂಟೆಗೆ ಇಳಿದಿದೆ, ರಫ್ತು 105ಕ್ಕೆ ಏರಿದೆ. ಆಮದಿನ ಬಿಲ್ಲು ಸುಮಾರು 111 ಪೌಂಡ್, ರಫ್ತು 105. ಕೊರತೆ ಇನ್ನೂ ಇದೆ, ಆದರೆ ಆರಕ್ಕೆ ಇಳಿದಿದೆ. ಇನ್ನೂ ಒಂದು ವರ್ಷ ಆಗಲಿ. ಅಂಗಡಿಯವನು ವಿದೇಶಿ ಮಾಲು ಬಿಟ್ಟು ಊರಿನ ಮಾಲು ಹಿಡಿದ. ಹೊರಗಿನ ಗಿರಾಕಿ ಹಳೇ ಕರಾರು ಮುಗಿಸಿ ಬ್ರಿಟನ್ನಿಗೆ ಆರ್ಡರು ಕೊಟ್ಟ. ಆಮದು 90 ಮೂಟೆ, ಬಿಲ್ಲು 105 ಪೌಂಡ್. ರಫ್ತು 115. ಈಗ ಹತ್ತು ಪೌಂಡ್ ಮಿಗುತಾಯ!

ಇದನ್ನ ಕಾಗದದ ಮೇಲೆ ಗೆರೆ ಎಳೆದು ನೋಡಿ. ಮೊದಲು ಕೆಳಗೆ ಇಳಿದು, ಕೊಕ್ಕೆಯ ಹಾಗೆ ತಿರುಗಿ, ಹೊರಟ ಜಾಗಕ್ಕಿಂತ ಮೇಲೆ ಹೋಗುತ್ತೆ. ಇಂಗ್ಲಿಷಿನ ಜೆ ಅಕ್ಷರದ ಆಕಾರ. ಅದಕ್ಕೇ ಇದಕ್ಕೆ ಜೆ-ಕರ್ವ್ ಅಂತ ಹೆಸರು.

ಹಾಗಾದರೆ ಗೆರೆ ಮೇಲಕ್ಕೆ ಬಂದೇ ಬರುತ್ತೆ ಅನ್ನೋದಕ್ಕೆ ಏನು ಖಾತ್ರಿ? ಖಾತ್ರಿ ಇಲ್ಲ, ಒಂದು ಷರತ್ತಿದೆ. ಆಲ್ಫ್ರೆಡ್ ಮಾರ್ಷಲ್ ಮತ್ತು ಅಬಾ ಲರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರ ಹೆಸರಲ್ಲಿ ಅದನ್ನ ಮಾರ್ಷಲ್-ಲರ್ನರ್ ಷರತ್ತು ಅಂತಾರೆ. ಬೆಲೆ ಶೇ. 1ರಷ್ಟು ಬದಲಾದರೆ ಗಿರಾಕಿ ಕೊಳ್ಳೋ ಪ್ರಮಾಣ ಶೇಕಡಾ ಎಷ್ಟು ಬದಲಾಗುತ್ತೆ? ಈ ಅಂಕಿಯನ್ನ ರಫ್ತಿಗೊಂದು, ಆಮದಿಗೊಂದು ತೆಗೆದು ಕೂಡಿಸಿ. ಮೊತ್ತ ಒಂದಕ್ಕಿಂತ ಹೆಚ್ಚಿದ್ದರೆ ಅಪಮೌಲ್ಯ ಫಲ ಕೊಡುತ್ತೆ. ಕಡಿಮೆ ಇದ್ದರೆ ಕೊರತೆ ಬೆಳೆಯುತ್ತೆ. ನಮ್ಮ ಲೆಕ್ಕದಲ್ಲಿ ಮೊದಲ ಕೆಲವು ತಿಂಗಳು ಈ ಮೊತ್ತ ಸುಮಾರು 0.65 ಇತ್ತು. ಕೊನೆಗೆ ಸುಮಾರು 1.65 ಆಯ್ತು. ಅಂದರೆ ಷರತ್ತು ಒಂದೇ, ದೇಶವೂ ಅದೇ. ಬದಲಾಗಿದ್ದು ಜನರಿಗೆ ಸಿಕ್ಕ ಸಮಯ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಈ ಷರತ್ತು ಸರಿಸಮ ಲೆಕ್ಕದಿಂದ ಶುರುವಾದ ದೇಶಕ್ಕೆ ಹೇಳಿದ್ದು. ಮೊದಲೇ ಆಮದು ಜಾಸ್ತಿ ಇರುವ ದೇಶಕ್ಕೆ, ತನ್ನದೇ ಹಣದಲ್ಲಿ ಲೆಕ್ಕ ಹಾಕಿದರೆ, ಒಂದರ ಗಡಿ ದಾಟಿದರೂ ಸಾಲದೇ ಹೋಗಬಹುದು. ಇನ್ನೊಂದು, ಆರ್ಡರು ಬಂದಾಗ ಮಾಲು ಮಾಡಿಕೊಡೋ ಶಕ್ತಿ ಕಾರ್ಖಾನೆಗೆ ಇರಬೇಕು. ಬ್ರಿಟನ್ನಿಗೆ ಇದು ಗೊತ್ತಿತ್ತು. 1968ರ ಮಾರ್ಚಿನಲ್ಲಿ ಹೊಸ ಹಣಕಾಸು ಮಂತ್ರಿ ರಾಯ್ ಜೆಂಕಿನ್ಸ್ ಭಾರೀ ತೆರಿಗೆ ಹಾಕಿದರು. ಉದ್ದೇಶ ಏನು? ಜನ ಮನೆಯಲ್ಲಿ ಕಡಿಮೆ ಕೊಂಡರೆ ಆ ಮಾಲು ಹಡಗು ಹತ್ತುತ್ತೆ. ಜೇಬಿನ ಪೌಂಡಿಗೆ ಏನೂ ಆಗಿಲ್ಲ ಅಂದ ಸರ್ಕಾರವೇ ಜೇಬಿಗೆ ಕೈ ಹಾಕಬೇಕಾಯ್ತು.

ಅಷ್ಟಾದರೂ 1968ರಲ್ಲಿ ಸರಕು ವ್ಯಾಪಾರದ ಕೊರತೆ ಇಳಿಯಲಿಲ್ಲ, ಏರಿತು. ಅಪಮೌಲ್ಯ ಸೋತಿತು ಅಂತ ಗದ್ದಲ ಎದ್ದಿತು. 1969ರಲ್ಲಿ ಗೆರೆ ತಿರುಗಿತು. ಸರಕಿನ ಕೊರತೆ ಬಹಳ ಇಳಿದು, ಸೇವೆಗಳ ಗಳಿಕೆಯೂ ಸೇರಿ ಚಾಲ್ತಿ ಖಾತೆ ಮಿಗುತಾಯಕ್ಕೆ ಬಂತು. ಎಲ್ಲವೂ ಪೌಂಡಿನ ಬೆಲೆಯಿಂದಲೇ ಆಗಿದ್ದಲ್ಲ, ತೆರಿಗೆಯ ಪಾಲೂ ಇತ್ತು, ವಿಶ್ವವ್ಯಾಪಾರ ಚೆನ್ನಾಗಿ ಬೆಳೆಯುತ್ತಿತ್ತು.

ಈಗ ನಮ್ಮ ರೂಪಾಯಿಗೆ ಬನ್ನಿ. ಇಲ್ಲಿ ಗೆರೆ ಸ್ವಲ್ಪ ಬೇರೆ. ಬ್ರಿಟನ್ ತನ್ನ ರಫ್ತಿಗೆ ಹೆಚ್ಚಾಗಿ ಪೌಂಡಿನಲ್ಲಿ ಬಿಲ್ಲು ಬರೆಯುತ್ತಿತ್ತು. ನಾವು ಆಮದು, ರಫ್ತು ಎರಡಕ್ಕೂ ಬಹುಪಾಲು ಡಾಲರಿನಲ್ಲೇ ಬಿಲ್ಲು ಬರೆಯುತ್ತೇವೆ. ಹಾಗಾಗಿ ರೂಪಾಯಿ ಬಿದ್ದ ದಿನ ಡಾಲರ್ ಲೆಕ್ಕದ ಕೊರತೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತೆ. ರೂಪಾಯಿ ಲೆಕ್ಕದಲ್ಲಿ ಮಾತ್ರ ಉಬ್ಬುತ್ತೆ. ಯಾರಾದರೂ ಕೊರತೆ ಏರಿತು ಅಂದರೆ ಮೊದಲು ಕೇಳಿ: ಯಾವ ಹಣದಲ್ಲಿ ಸ್ವಾಮಿ?

ಆಮೇಲೆ, ಯಾವ ಸರಕು ಅಂತ ಕೇಳಿ. ನಮಗೆ ಬೇಕಾದ ಕಚ್ಚಾ ತೈಲದ ಬಹುಪಾಲು ಹೊರಗಿನಿಂದ ಬರುತ್ತೆ. ತೈಲ ತುಟ್ಟಿಯಾಯ್ತು ಅಂತ ನಾಳೆಯಿಂದಲೇ ಲಾರಿ, ಬಸ್ಸು ನಿಲ್ಲಿಸೋಕಾಗಲ್ಲ. ಆ ಸರಕಿನ ಅಂಕಿ ಸೊನ್ನೆಗೆ ಹತ್ತಿರ. ಮಂಗಳೂರಿನ ಗೋಡಂಬಿ ಕಾರ್ಖಾನೆ ನೋಡಿ. ತಿರುಳು ರಫ್ತಾಗುತ್ತೆ, ನಿಜ. ಆದರೆ ಸಿಪ್ಪೆ ಸಮೇತದ ಕಚ್ಚಾ ಗೋಡಂಬಿಯಲ್ಲಿ ಬಹಳಷ್ಟು ಆಫ್ರಿಕಾದಿಂದ ಬರುತ್ತೆ, ಅದಕ್ಕೂ ಡಾಲರೇ ಕೊಡಬೇಕು. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗುತ್ತೆ. ಅಂಥವರಿಗೆ ಸುಗ್ಗಿ ಎಲ್ಲಿಂದ ಬಂತು?

ವಿಲ್ಸನ್ ಕಥೆಯ ಕೊನೆ ಹೇಳಿಬಿಡ್ತೀನಿ. 1970ರ ಜೂನ್ 18ಕ್ಕೆ ಚುನಾವಣೆ. ಮೂರು ದಿನ ಮುಂಚೆ ಮೇ ತಿಂಗಳ ವ್ಯಾಪಾರದ ಲೆಕ್ಕ ಹೊರಬಿತ್ತು, 3.1 ಕೋಟಿ ಪೌಂಡ್ ಕೊರತೆ. ಅದರಲ್ಲಿ ಒಂದು ಪಾಲು ಎರಡು ಜಂಬೋ ಜೆಟ್ ವಿಮಾನ ಕೊಂಡ ಖರ್ಚು. ವಿಮಾನ ದಿನಾ ಕೊಳ್ಳೋ ವಸ್ತು ಅಲ್ಲ. ಆದರೂ ಪತ್ರಿಕೆಗಳಿಗೆ ಅದೇ ತಲೆಬರಹ ಆಯ್ತು. ವಿಲ್ಸನ್ ಸೋತರು. ಅದೊಂದರಿಂದಲೇ ಸೋತರು ಅಂತ ನಾನು ಹೇಳಲ್ಲ. ಆದರೆ ಎರಡೂವರೆ ವರ್ಷದ ಗೆರೆಯನ್ನ ಒಂದು ತಿಂಗಳ ಚುಕ್ಕೆಯಿಂದ ಓದಿದ್ದು ಮಾತ್ರ ನಿಜ. ಮುಂದಿನ ಸಲ ರೂಪಾಯಿ ಬಿದ್ದು, ಆ ತಿಂಗಳ ಕೊರತೆಯ ಅಂಕಿ ಈ ಪರದೆಯ ಕೆಳಗೆ ಓಡುವಾಗ, ನಾನೇ ಕೂಗಿ ಹೇಳಿದರೂ ತಕ್ಷಣ ತೀರ್ಪು ಕೊಡಬೇಡಿ. ಒಂದೂವರೆ ವರ್ಷ ಬಿಟ್ಟು ಅದೇ ಅಂಕಿಯನ್ನ ಮತ್ತೆ ಕೇಳಿ.