ಇರಿಯುವ ಕತ್ತಿ, ಕಡಿಯುವ ಕತ್ತಿ

1599ರಲ್ಲಿ ಜಾರ್ಜ್ ಸಿಲ್ವರ್ ಎಂಬ ಇಂಗ್ಲಿಷಿನವ ಕತ್ತಿವರಸೆಯ ಮೇಲೆ ಒಂದು ಪುಸ್ತಕ ಬರೆದ. ಬರೆದ ಎನ್ನುವುದಕ್ಕಿಂತ ಜಗಳ ತೆಗೆದ ಎನ್ನುವುದೇ ಸರಿ. ಇಟಲಿಯಿಂದ ಬಂದ ಗುರುಗಳು ನಮ್ಮ ಹುಡುಗರಿಗೆ ರೇಪಿಯರ್ ಕಲಿಸಿ ಸಾವಿಗೆ ದೂಡುತ್ತಿದ್ದಾರೆ ಎಂಬುದು ಅವನ ದೂರು. ಲಂಡನ್ನಿನಲ್ಲಿ ಹೆಸರು ಮಾಡಿದ್ದ ವಿನ್ಸೆಂಟಿಯೊ ಸಾವಿಯೊಲೊನಿಗೆ ತಾನೂ ತನ್ನ ಸೋದರನೂ ಪಂಥಾಹ್ವಾನ ಕೊಟ್ಟೆವು, ಆತ ಬರಲೇ ಇಲ್ಲ ಎಂದೂ ಬರೆದುಕೊಂಡಿದ್ದಾನೆ. ಸಾವಿಯೊಲೊನ ಮಾತು ನಮಗೆ ಸಿಕ್ಕಿಲ್ಲ ಎಂಬುದನ್ನು ಮರೆಯಬಾರದು.

ಸಿನಿಮಾ ನೋಡಿದ ನಮಗೆ ರೇಪಿಯರ್ ಎಂದರೆ ಹಗುರವಾದ ಕಡ್ಡಿ. ನಿಜವಾದದ್ದು ಒಂದು ಕಿಲೋಗಿಂತ ಹೆಚ್ಚೇ ತೂಗುತ್ತಿತ್ತು. ಅಲಗು ಸಪೂರ, ಆದರೆ ಬಹಳ ಉದ್ದ. ಎಷ್ಟೆಂದರೆ ಎಲಿಜಬೆತ್ ರಾಣಿಯ ಸರ್ಕಾರ ನಲವತ್ತೂವರೆ ಅಂಗುಲಕ್ಕಿಂತ ಉದ್ದದ ಅಲಗು ಕೂಡದೆಂದು ಅಪ್ಪಣೆ ಹೊರಡಿಸಬೇಕಾಯಿತು. ಹಿಡಿಯ ಸುತ್ತ ಲೋಹದ ಉಂಗುರ, ಸರಳುಗಳ ಹೆಣಿಗೆ. ಎದುರಾಳಿಯನ್ನು ದೂರದಲ್ಲೇ ಮೊನೆಯಿಂದ ಇರಿಯುವುದು ಮುಖ್ಯ ವರಸೆ; ಎಡಗೈಯಲ್ಲಿ ಹೆಚ್ಚಾಗಿ ಬಾಕು, ಇಲ್ಲವೇ ನಿಲುವಂಗಿ.

ಸಿಲ್ವರನ ಆಕ್ಷೇಪ ಇಲ್ಲಿಯೇ. ಎದುರಾಳಿ ಒಮ್ಮೆ ಮೊನೆ ದಾಟಿ ಒಳನುಗ್ಗಿದರೆ ಅಷ್ಟುದ್ದದ ಅಲಗನ್ನು ಹಿಂದೆಳೆದು ಬಿಡಿಸಿಕೊಳ್ಳಲು ಆಗದು. ಇನ್ನೂ ದೊಡ್ಡ ಮಾತೆಂದರೆ, ಇರಿತ ಕೊಲ್ಲುತ್ತದೆ, ಆದರೆ ಕೂಡಲೇ ತಡೆಯುವುದಿಲ್ಲ. ಇರಿಸಿಕೊಂಡವನು ಬೀಳುವ ಮುನ್ನ ಇರಿದವನನ್ನೂ ಇರಿಯಬಲ್ಲ. ಸಿಲ್ವರ್ ಮೆಚ್ಚಿದ್ದು ಕಡಿಯಲೂ ಬರುವ ಗಿಡ್ಡ, ಅಗಲ ಅಲಗಿನ ಕತ್ತಿ. ಅದರ ಪೈಕಿಯದೇ ಮುಂದೆ ಬ್ರಾಡ್‌ಸೋರ್ಡ್ ಎನಿಸಿಕೊಂಡಿತು. ಕೈಗೆ ಬಿದ್ದ ಒಂದೇ ಏಟಿನಿಂದ ಎದುರಾಳಿಯ ಕತ್ತಿ ಕೆಳಗೆ ಬೀಳಬೇಕು ಎಂಬುದು ಈ ವರಸೆಯ ಲೆಕ್ಕ. ಹಾಗೆಂದ ಮೇಲೆ ತನ್ನ ಕೈಯನ್ನೂ ಕಾಯಬೇಕಲ್ಲ? ಅದಕ್ಕೇ ಇಡೀ ಮುಷ್ಟಿಯನ್ನು ಮುಚ್ಚುವ ಬುಟ್ಟಿಯಂಥ ಹಿಡಿ.

ಸ್ಮಾಲ್‌ಸೋರ್ಡ್ ಪುನರುಜ್ಜೀವನ ಕಾಲದ್ದಲ್ಲ. ರೇಪಿಯರಿನ ಮೊಮ್ಮಗು ಎನ್ನಬಹುದು. 17ನೇ ಶತಮಾನದ ಉತ್ತರಾರ್ಧದಲ್ಲಿ ಬಂದದ್ದು. ಸುಮಾರು ಮೂವತ್ತು ಅಂಗುಲದ ಅಲಗು, ಅನೇಕ ಸಲ ಮೂರು ಮೂಲೆಯದು, ಕಡಿಯಲು ಬಹುಮಟ್ಟಿಗೆ ಬಾರದು. ತೂಕ ಅರ್ಧ ಕಿಲೋ ಆಸುಪಾಸು. ಕಾವಲಿಗೆ ಎರಡು ಪುಟ್ಟ ಚಿಪ್ಪು, ಬೆರಳುಗಳ ಮುಂದೆ ಒಂದು ಬಿಲ್ಲು, ಅಷ್ಟೇ. ಕತ್ತಿ ಹಗುರವಾದ್ದರಿಂದ ತಡೆಯುವುದನ್ನೂ ಮರು ಇರಿಯುವುದನ್ನೂ ಅದೊಂದೇ ಮಾಡುತ್ತಿತ್ತು. ಎಡಗೈಯ ಬಾಕು ಬೇಕಿಲ್ಲವಾಯಿತು.

ಆದರೆ ಸಿಲ್ವರನ ಭಯ ಹೋಗಲಿಲ್ಲ. 1712ರ ನವೆಂಬರ್ 15ರ ಬೆಳಿಗ್ಗೆ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಡ್ಯೂಕ್ ಆಫ್ ಹ್ಯಾಮಿಲ್ಟನ್ ಮತ್ತು ಲಾರ್ಡ್ ಮೊಹನ್, ಬಹಳ ಕಾಲದ ಆಸ್ತಿ ವ್ಯಾಜ್ಯದ ಕಹಿಯನ್ನು ಹೊತ್ತು, ಇಂಥ ಕತ್ತಿಗಳಿಂದ ಕಾದಾಡಿದರು. ಇಬ್ಬರಿಗೂ ಹಲವು ಗಾಯ. ಮೊಹನ್ ಅಲ್ಲೇ ಸತ್ತ. ಹ್ಯಾಮಿಲ್ಟನ್ ಸ್ವಲ್ಪ ಹೊತ್ತಿನಲ್ಲೇ. ಗೆದ್ದವರು ಯಾರೆಂದು ಕೇಳಲು ಯಾರೂ ಉಳಿಯಲಿಲ್ಲ.