ಮುಗಿಯುವ ಮುನ್ನ ಅರವತ್ತು ದಿನ

ಒಂದು ಕಾಲೇಜಿನ ಜೆರಾಕ್ಸ್ ಯಂತ್ರದ ನಿರ್ವಹಣಾ ಒಪ್ಪಂದ 2027ರ ಮಾರ್ಚ್ 31ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಇಂಥ ಒಪ್ಪಂದ, ಪರವಾನಗಿಗಳನ್ನು ಗಣಕಯಂತ್ರದ ಎಕ್ಸೆಲ್ ಹಾಳೆಯಲ್ಲಿ ಸಾಲಿಗೊಂದರಂತೆ ಬರೆದು, ಮುಗಿಯುವ ದಿನಾಂಕವನ್ನು B ಕಾಲಮಿನಲ್ಲಿ ತುಂಬೋಣ. ಪಕ್ಕದಲ್ಲಿ ಈ ಸೂತ್ರ:

```
=IF(B2-TODAY()<=60,"ಗಮನಿಸಿ","")
```

ಅನೇಕರು ಇಲ್ಲಿ `<=60` ಬದಲು `=60` ಎಂದು ಬರೆದುಬಿಡುತ್ತಾರೆ. ಆಗ ಎಚ್ಚರಿಕೆ ಕಾಣುವುದು ಜನವರಿ 30ರಂದು ಮಾತ್ರ. ಅಂದು ಶನಿವಾರ, ಯಾರೂ ಹಾಳೆ ತೆರೆಯಲಿಲ್ಲವೆನ್ನಿ. ಸೋಮವಾರ ತೆರೆದಾಗ ಉಳಿದಿರುವುದು 58 ದಿನ. ಹಾಳೆ ಏನೂ ಹೇಳುವುದಿಲ್ಲ, ಮುಂದೆಯೂ ಹೇಳುವುದಿಲ್ಲ. `<=` ಇದ್ದರೆ ಅವಧಿ ಮುಗಿದ ಮೇಲೂ ಎಚ್ಚರಿಕೆ ಉಳಿದಿರುತ್ತದೆ.

ದಿನಾಂಕ ತುಂಬುವಾಗ ಇನ್ನೊಂದು ಅಪಾಯವಿದೆ. 5-4-2027 ಎಂದು ಬರೆದರೆ, ಅಮೆರಿಕದ ಕ್ರಮಕ್ಕೆ ಹೊಂದಿಸಿದ ಯಂತ್ರ ಅದನ್ನು ಮೇ 4 ಎಂದು ಓದುತ್ತದೆ. ಯಾವ ದೋಷವೂ ಕಾಣದು. ಎಚ್ಚರಿಕೆ ಮಾತ್ರ ಒಂದು ತಿಂಗಳು ತಡ. ತಿಂಗಳ ಹೆಸರು ಕಾಣುವಂತೆ ಆ ಕಾಲಮಿನ ರೂಪ ಬದಲಿಸಿದರೆ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ಈಗ ಒಪ್ಪಂದದ ಕಾಗದವನ್ನೇ ಓದಿ. "ಬೇಡವೆಂದರೆ 45 ದಿನ ಮುಂಚೆ ಲಿಖಿತವಾಗಿ ತಿಳಿಸಬೇಕು, ಇಲ್ಲವಾದರೆ ತಾನಾಗಿ ಮುಂದುವರಿಯುತ್ತದೆ" ಎಂಬ ಷರತ್ತಿದ್ದರೆ ನಿಜವಾದ ಗಡುವು ಫೆಬ್ರವರಿ 14. ಅರವತ್ತು ದಿನದ ಎಚ್ಚರಿಕೆಯಲ್ಲಿ ನಮಗೆ ಸಿಗುವುದು ಹದಿನೈದೇ ದಿನ! ಷರತ್ತು 90 ದಿನದ್ದಾದರೆ ಎಚ್ಚರಿಕೆ ಬರುವಷ್ಟರಲ್ಲಿ ಗಡುವು ದಾಟಿರುತ್ತದೆ. ಹಾಗಾಗಿ ಇಂಥ ಸಾಲುಗಳಲ್ಲಿ B ಕಾಲಮಿಗೆ ತಿಳಿಸಬೇಕಾದ ಕೊನೆಯ ದಿನವನ್ನೇ ತುಂಬುವುದು ಸರಿ. ಹೊಸ ದಿನಾಂಕ ಹಾಕುವುದು ಅರ್ಜಿ ಕಳಿಸಿದಾಗ ಅಲ್ಲ, ನವೀಕರಿಸಿದ ಪತ್ರ ಕೈಗೆ ಬಂದ ಮೇಲೆ.